ಕನಿಷ್ಠ ಬಾಕಿ ಕಟ್ಟಿದರೆ ಬಡ್ಡಿ ತಪ್ಪುವುದೇ?

ಅಂಗಡಿಯ ಉದ್ರಿ ಖಾತೆಯನ್ನು ಬಲ್ಲವರಿಗೆ ಕ್ರೆಡಿಟ್ ಕಾರ್ಡಿನ ಮೂಲತತ್ತ್ವವನ್ನು ಹೊಸದಾಗಿ ಹೇಳಿಕೊಡಬೇಕಾದ ಅಗತ್ಯವಿಲ್ಲ. ತಿಂಗಳೆಲ್ಲ ಸಾಮಾನು ತರುವುದು, ಅಂಗಡಿಯವನು ಬರೆದಿಟ್ಟುಕೊಳ್ಳುವುದು, ಸಂಬಳ ಬಂದಾಗ ಲೆಕ್ಕ ಚುಕ್ತಾ ಮಾಡುವುದು, ಇದು ನಮ್ಮ ಹಿರಿಯರ ಕಾಲದಿಂದ ನಡೆದುಬಂದ ರೂಢಿ. ಕಾರ್ಡಿನಲ್ಲಿಯೂ ಆಗುವುದು ಇದೇ. ಆದರೆ ಒಂದು ಭೇದವುಂಟು. ಅಂಗಡಿಯವನ ಬಳಿ ಅರ್ಧ ಬಾಕಿ ಉಳಿಸಿಕೊಂಡರೆ ಆತ ಒಂದು ಮಾತು ಅಂದಾನು, ಇಲ್ಲವೇ ಮುಂದಿನ ಉದ್ರಿಗೆ ಹಿಂದೆಮುಂದೆ ನೋಡಿಯಾನು. ಕಾರ್ಡು ಕೊಟ್ಟ ಬ್ಯಾಂಕು ಏನನ್ನೂ ಅನ್ನುವುದಿಲ್ಲ. ಒಂದು ಸಣ್ಣ ಮೊತ್ತವನ್ನು ತೋರಿಸಿ, ಈ ತಿಂಗಳು ಇಷ್ಟು ಕಟ್ಟಿದರೂ ಸಾಕೆನ್ನುತ್ತದೆ. ಆ ಸಣ್ಣ ಮೊತ್ತದ ಹೆಸರು ಕನಿಷ್ಠ ಬಾಕಿ. ಅದನ್ನು ಕಟ್ಟಿದವರಲ್ಲಿ ಬಹುಮಂದಿ ತಮ್ಮ ಲೆಕ್ಕ ಸರಿಯಾಯಿತೆಂದೇ ತಿಳಿಯುತ್ತಾರೆ. ಅದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಈ ಸಂಚಿಕೆಯಲ್ಲಿ ಲೆಕ್ಕ ಹಾಕಿಯೇ ನೋಡೋಣ.

ಮೊದಲು ಎರಡು ದಿನಾಂಕಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಬೇಕು. ಒಂದು ಬಿಲ್ಲಿನ ದಿನ. ಒಂದು ತಿಂಗಳ ಖರೀದಿಗಳನ್ನೆಲ್ಲ ಕೂಡಿಸಿ ಬ್ಯಾಂಕು ಪಟ್ಟಿ ತೆಗೆಯುವ ದಿನವದು. ಒಂದು ಬಿಲ್ಲಿನ ದಿನದ ಮರುದಿನದಿಂದ ಮುಂದಿನ ಬಿಲ್ಲಿನ ದಿನದವರೆಗಿನ ಕಾಲವೇ ಬಿಲ್ಲಿಂಗ್ ಅವಧಿ. ಇನ್ನೊಂದು ಪಾವತಿಯ ಕಡೆಯ ದಿನ. ಇದು ಬಿಲ್ಲಿನ ದಿನದ ನಂತರ ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತು ದಿನಗಳ ಆಚೆಗೆ ಬರುತ್ತದೆ. ಬಿಲ್ಲನ್ನು ತಡಮಾಡದೆ ಕಳುಹಿಸಬೇಕು, ಬಡ್ಡಿ ಹಾಕುವ ಮೊದಲು ಹಣ ಕಟ್ಟಲು ಕನಿಷ್ಠ ಎರಡು ವಾರಗಳ ಕಾಲವಾದರೂ ಗ್ರಾಹಕನಿಗೆ ದೊರೆಯಬೇಕು ಎಂದು ರಿಸರ್ವ್ ಬ್ಯಾಂಕು 2022ರ ತನ್ನ ನಿರ್ದೇಶನದಲ್ಲಿ ವಿಧಿಸಿದೆ.

ಬಡ್ಡಿರಹಿತ ಅವಧಿ ಎಂಬುದು ಈ ಎರಡು ದಿನಾಂಕಗಳಿಂದ ಹುಟ್ಟಿದ ಕೂಸು. ಅದಕ್ಕೆ ಸ್ವಂತದ ಅಳತೆಯೆಂಬುದಿಲ್ಲ. ನಮ್ಮ ಲೆಕ್ಕಕ್ಕೆ ಒಂದು ಕಾರ್ಡನ್ನು ಇಟ್ಟುಕೊಳ್ಳೋಣ. ಅದರ ಬಿಲ್ಲಿನ ದಿನ ಪ್ರತಿ ತಿಂಗಳ 10, ಪಾವತಿಯ ಕಡೆಯ ದಿನ 30. ಸೆಪ್ಟೆಂಬರ್ 11ರಂದು ಕೊಂಡ ವಸ್ತು ಅಕ್ಟೋಬರ್ 10ರ ಬಿಲ್ಲಿನಲ್ಲಿ ಬರುತ್ತದೆ, ಅದಕ್ಕೆ ಹಣ ಕಟ್ಟಲು ಅಕ್ಟೋಬರ್ 30ರವರೆಗೆ ಸಮಯವಿದೆ. ಅಂದರೆ 49 ದಿನ ಬಡ್ಡಿಯಿಲ್ಲದ ಸಾಲ. ಅದೇ ವಸ್ತುವನ್ನು ಅಕ್ಟೋಬರ್ 10ರಂದೇ ಕೊಂಡಿದ್ದರೆ ಅದೂ ಅದೇ ಬಿಲ್ಲಿಗೆ ಸೇರಿ, ಅದೇ 30ರಂದು ಕಟ್ಟಬೇಕಾಗುತ್ತದೆ. ಆಗ ದೊರೆಯುವುದು ಕೇವಲ 20 ದಿನ. ಜಾಹೀರಾತಿನಲ್ಲಿ "50 ದಿನಗಳವರೆಗೆ ಬಡ್ಡಿಯಿಲ್ಲ" ಎಂದು ಬರೆದಾಗ, ಆ "ವರೆಗೆ" ಎಂಬ ಪದದಲ್ಲಿಯೇ ಈ ವ್ಯತ್ಯಾಸ ಅಡಗಿದೆ. ದೊಡ್ಡ ಖರೀದಿಯನ್ನು ಬಿಲ್ಲಿನ ದಿನ ಕಳೆದ ಮೇಲೆ ಮಾಡಬೇಕೆಂದು ತಿಳಿದವರು ಹೇಳುವುದು ಈ ಕಾರಣದಿಂದಲೇ.

ಆದರೆ ಈ ಅವಧಿಗೆ ಒಂದು ಕರಾರು ಇದೆ. ಬಿಲ್ಲಿನಲ್ಲಿ ಕಾಣಿಸಿದ ಒಟ್ಟು ಬಾಕಿಯನ್ನು ಕಡೆಯ ದಿನದೊಳಗೆ ಪೂರ್ತಿಯಾಗಿ ಕಟ್ಟಿದವರಿಗೆ ಮಾತ್ರ ಇದು ಸಲ್ಲುತ್ತದೆ. ಸ್ವಲ್ಪವೇ ಉಳಿಸಿಕೊಂಡರೂ ಈ ಸೌಲಭ್ಯ ತಪ್ಪಿಹೋಗುತ್ತದೆ. ಹಾಗೆ ತಪ್ಪುವುದು ಎರಡು ದಿಕ್ಕಿನಿಂದ. ಹಿಂದಕ್ಕೆ ನೋಡಿದರೆ, ಉಳಿದ ಬಾಕಿಗೆ ಬಡ್ಡಿ ಕಡೆಯ ದಿನದಿಂದ ಅಲ್ಲ, ವಸ್ತುವನ್ನು ಕೊಂಡ ದಿನದಿಂದಲೇ ಬೀಳುತ್ತದೆ. ಮುಂದಕ್ಕೆ ನೋಡಿದರೆ, ಇನ್ನು ಮೇಲೆ ಮಾಡುವ ಹೊಸ ಖರೀದಿಗಳಿಗೂ ಕೊಂಡ ದಿನದಿಂದಲೇ ಬಡ್ಡಿ ಆರಂಭವಾಗುತ್ತದೆ. ಜನ ಸಾಮಾನ್ಯವಾಗಿ ಅರಿಯದೆ ಇರುವುದು ಈ ಎರಡನೆಯ ಮಾತನ್ನು.

ಈಗ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಧಾರವಾಡದಲ್ಲಿ ನೆಲೆಸಿದ ಶಿಕ್ಷಕರೊಬ್ಬರ ಮನೆ. ಸಂಬಳ ಬರುವುದು ತಿಂಗಳ 1ನೆಯ ತಾರೀಖು. ಸೆಪ್ಟೆಂಬರ್ 14ರಂದು ಬಟ್ಟೆ ಒಗೆಯುವ ಯಂತ್ರಕ್ಕಾಗಿ ಕಾರ್ಡಿನಿಂದ 40,000 ರೂಪಾಯಿ ಕೊಟ್ಟರು. ಅಕ್ಟೋಬರ್ 5ರಂದು ಹಬ್ಬದ ಬಟ್ಟೆಗಳಿಗೆ 8,000 ರೂಪಾಯಿ ಆಯಿತು. ಅಕ್ಟೋಬರ್ 10ರ ಬಿಲ್ಲಿನಲ್ಲಿ ಒಟ್ಟು ಬಾಕಿ 48,000 ಎಂದೂ, ಅದರ ಶೇಕಡಾ 5ರಂತೆ ಕನಿಷ್ಠ ಬಾಕಿ 2,400 ಎಂದೂ ಬಂದಿತು. ಕಡೆಯ ದಿನ ಅಕ್ಟೋಬರ್ 30. ಆ ಹೊತ್ತಿಗೆ ಮನೆಯಲ್ಲಿ ಹಣದ ಬಿಗಿ. ಇನ್ನೆರಡು ದಿನಕ್ಕೆ ಸಂಬಳ ಬರುತ್ತದೆ, ಈಗ ಕನಿಷ್ಠ ಬಾಕಿ ಕಟ್ಟಿದರಾಯಿತು, ಉಳಿದುದನ್ನು ಮುಂದಿನ ಬಿಲ್ಲು ಬಂದಾಗ ನೋಡಿಕೊಳ್ಳೋಣವೆಂದು ಯಜಮಾನರು 30ರಂದು 2,400 ರೂಪಾಯಿ ಕಟ್ಟಿದರು. ನವೆಂಬರ್ 2ರಂದು ಮನೆಯ ದಿನಸಿಗಾಗಿ ಅದೇ ಕಾರ್ಡಿನಿಂದ ಮತ್ತೆ 6,000 ರೂಪಾಯಿ ಖರ್ಚಾಯಿತು.

ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡಾ 3.5 ಎಂದಿಟ್ಟುಕೊಳ್ಳೋಣ. ಅನೇಕ ಕಾರ್ಡುಗಳಲ್ಲಿ ದರ ಇದರ ಆಸುಪಾಸಿನಲ್ಲಿಯೇ ಇದೆ. ನಮ್ಮ ಊರುಗಳ ಕೈಸಾಲದ ಭಾಷೆಯಲ್ಲಿ ಹೇಳುವುದಾದರೆ ಇದು "ನೂರಕ್ಕೆ ಮೂರೂವರೆ". ನೂರಕ್ಕೆ ಎರಡೆಂದರೆ ಹುಬ್ಬೇರಿಸುವ ಮನೆಗಳಲ್ಲಿಯೇ ಈ ಮೂರೂವರೆ ಸದ್ದಿಲ್ಲದೆ ನಡೆಯುತ್ತಿರುತ್ತದೆ. ವರ್ಷಕ್ಕೆ ಅದು ಶೇಕಡಾ 42. ವರ್ಷಕ್ಕೆ ಶೇಕಡಾ 30ನ್ನು ಮೀರಿದ ಕಾರ್ಡು ಬಡ್ಡಿ ಅನ್ಯಾಯದ ವ್ಯವಹಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪಿತ್ತಿತ್ತು. ಆದರೆ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಗೊಳಿಸಿತು. ಆದುದರಿಂದ ಆ ಮೂವತ್ತರ ಮಿತಿಯನ್ನು ನಂಬಿಕೊಂಡು ಕುಳಿತುಕೊಳ್ಳುವಂತಿಲ್ಲ.

ನವೆಂಬರ್ 10ರ ಬಿಲ್ಲು ಬಂದಾಗ ಏನಾಗಿರುತ್ತದೆ ನೋಡಿ. ಕಟ್ಟಿದ 2,400 ರೂಪಾಯಿಯನ್ನು ಯಂತ್ರದ ಬಾಬತ್ತಿಗೆ ಜಮಾ ಹಿಡಿದರೆ ಅದರಲ್ಲಿ 37,600 ಉಳಿಯಿತು. ಅದಕ್ಕೆ ಸೆಪ್ಟೆಂಬರ್ 14ರಿಂದ ನವೆಂಬರ್ 10ರವರೆಗೆ 57 ದಿನಗಳ ಬಡ್ಡಿ ಸುಮಾರು 2,466 ರೂಪಾಯಿ. ಬಟ್ಟೆಯ 8,000ಕ್ಕೆ ಅಕ್ಟೋಬರ್ 5ರಿಂದ 36 ದಿನಗಳ ಬಡ್ಡಿ 331 ರೂಪಾಯಿ. ದಿನಸಿಯ 6,000ಕ್ಕೆ ನವೆಂಬರ್ 2ರಿಂದ 8 ದಿನಗಳ ಬಡ್ಡಿ 55 ರೂಪಾಯಿ. ಒಟ್ಟು ಬಡ್ಡಿ ಸುಮಾರು 2,853. ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿದರೆ ಇನ್ನೊಂದು 513 ರೂಪಾಯಿ. ಎರಡೂ ಕೂಡಿ 3,366. ಕಟ್ಟಿದ್ದು 2,400, ಹೊಸದಾಗಿ ಹೇರಿದ್ದು 3,366. ಸಾಲ ತೀರಿಸಲೆಂದು ಹಣ ಕಟ್ಟಿದ ಮೇಲೆ ಸಾಲ ಸುಮಾರು ಸಾವಿರದಷ್ಟು ಬೆಳೆದಿದೆ. ದಿನಸಿಯ ಖರ್ಚನ್ನೂ ಸೇರಿಸಿದರೆ ನವೆಂಬರಿನ ಒಟ್ಟು ಬಾಕಿ 54,966 ರೂಪಾಯಿ.

ಯಂತ್ರದ ಹಣಕ್ಕೆ ಬಡ್ಡಿ ಬಿದ್ದದ್ದು ಅಕ್ಟೋಬರ್ 30ರಿಂದ ಲೆಕ್ಕ ಹಾಕಿದ 11 ದಿನಗಳಿಗಲ್ಲ, 57 ದಿನಗಳಿಗೆ ಎಂಬುದನ್ನು ಗಮನಿಸಿ. ಉಚಿತವೆಂದು ಕಂಡಿದ್ದ 46 ದಿನಗಳು ಹಿಂದಿನಿಂದ ಎದ್ದು ಬಂದು ಬಡ್ಡಿ ಕೇಳಿದವು. ಇನ್ನು ದಿನಸಿಯನ್ನು ನೋಡಿ. ಒಟ್ಟು ಬಾಕಿ ಪೂರ್ತಿ ಕಟ್ಟಿದ್ದ ಪಕ್ಷದಲ್ಲಿ ನವೆಂಬರ್ 2ರ ಆ ಖರೀದಿಗೆ ನವೆಂಬರ್ 30ರವರೆಗೂ ಬಡ್ಡಿ ಇರುತ್ತಿರಲಿಲ್ಲ. ಈಗ ಚೀಲ ಮನೆಗೆ ಬಂದ ದಿನದಿಂದಲೇ ಅಕ್ಕಿಬೇಳೆಗೂ ಬಡ್ಡಿ ನಡೆಯಿತು.

ಬ್ಯಾಂಕಿನ ಪದ್ಧತಿಗನುಸಾರವಾಗಿ ಈ ಅಂಕಿಗಳು ಸ್ವಲ್ಪ ಮೇಲುಕೆಳಗಾಗಬಹುದು. ಹಣ ಕಟ್ಟಿದ ದಿನದವರೆಗೆ ಪೂರ್ತಿ 48,000ಕ್ಕೂ, ಆ ಬಳಿಕ ಉಳಿದುದಕ್ಕೂ ಬಡ್ಡಿ ಹಿಡಿಯುವ ಲೆಕ್ಕವಾದರೆ ಮೇಲಿನ ಬಡ್ಡಿಗೆ ಇನ್ನೊಂದು 127 ರೂಪಾಯಿ ಸೇರುತ್ತದೆ. ನಿಮ್ಮ ಕಾರ್ಡಿನದು ಯಾವ ಪದ್ಧತಿಯೆಂಬುದು ಕಾರ್ಡಿನ ಜೊತೆಗೆ ಬರುವ "ಅತಿಮುಖ್ಯ ಷರತ್ತುಗಳು" ಎಂಬ ಕಾಗದದಲ್ಲಿ ಉದಾಹರಣೆ ಸಹಿತ ಇರುತ್ತದೆ. ಅದರಲ್ಲಿ ಬೇರೇನನ್ನು ಬಿಟ್ಟರೂ ಆ ಒಂದು ಉದಾಹರಣೆಯನ್ನು ಓದುವುದು ಒಳ್ಳೆಯದು.

ಹಾಗಾದರೆ ಕನಿಷ್ಠ ಬಾಕಿ ಕಟ್ಟಿದ್ದರಿಂದ ಪ್ರಯೋಜನವೇ ಇಲ್ಲವೇ? ಇದೆ. ಅದನ್ನು ಕಟ್ಟಿದವರಿಗೆ ತಡಪಾವತಿಯ ದಂಡ ಬೀಳುವುದಿಲ್ಲ. ಸಾಲದ ಇತಿಹಾಸವನ್ನು ಕಾಯ್ದಿಡುವ ಸಂಸ್ಥೆಗಳಿಗೆ ಸುಸ್ತಿದಾರರೆಂದು ಅವರ ಹೆಸರು ಹೋಗುವುದಿಲ್ಲ. ನಾಳೆ ಮಗನ ಓದಿಗೋ ಮನೆ ಕಟ್ಟಲೋ ಸಾಲ ಕೇಳುವವರಿಗೆ ಇದು ಸಣ್ಣ ಸಂಗತಿಯಲ್ಲ. ಕೈಯಲ್ಲಿ ನಿಜವಾಗಿಯೂ ಹಣವಿಲ್ಲದ ತಿಂಗಳಲ್ಲಿ ಕನಿಷ್ಠ ಬಾಕಿಯನ್ನಾದರೂ ತಪ್ಪದೆ ಕಟ್ಟಲೇಬೇಕು. ಆದರೆ ಅದು ದಂಡವನ್ನು ತಡೆಯುವ ಬೇಲಿ ಮಾತ್ರ, ಬಡ್ಡಿಯನ್ನು ತಡೆಯುವ ಬೇಲಿಯಲ್ಲ. ಈ ಎರಡನ್ನು ಒಂದೆಂದು ಎಣಿಸುವುದರಲ್ಲಿಯೇ ಎಲ್ಲ ತೊಡಕು ಹುಟ್ಟುತ್ತದೆ.

ಮುಂದಿನ ತಿಂಗಳ ಕನಿಷ್ಠ ಬಾಕಿಯೂ ಹಿಂದಿನಂತೆ ಹಗುರವಾಗಿರುವುದಿಲ್ಲ. ಕನಿಷ್ಠ ಬಾಕಿ ಕಟ್ಟುತ್ತ ಹೋದರೂ ಅಸಲು ಬೆಳೆಯುತ್ತಲೇ ಹೋಗುವಂತಹ ಏರ್ಪಾಡು ಕೂಡದೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಆದ್ದರಿಂದ ಬಡ್ಡಿ ಮತ್ತು ತೆರಿಗೆಯನ್ನು ಪೂರ್ತಿಯಾಗಿ ಹಿಡಿದು, ಅದರ ಮೇಲೆ ಅಸಲಿನ ಒಂದು ಪಾಲನ್ನು ಸೇರಿಸಿ ಕನಿಷ್ಠ ಬಾಕಿಯನ್ನು ಕಟ್ಟುವ ಕ್ರಮವಿದೆ. ನಮ್ಮ ಉದಾಹರಣೆಯಲ್ಲಿ ಅಸಲು 51,600. ಅದರ ಶೇಕಡಾ 5 ಎಂದರೆ 2,580. ಬಡ್ಡಿ ಮತ್ತು ತೆರಿಗೆಯ 3,366 ಸೇರಿದರೆ ನವೆಂಬರಿನ ಕನಿಷ್ಠ ಬಾಕಿ 5,946 ಆಗುತ್ತದೆ. ಒಂದೇ ತಿಂಗಳಲ್ಲಿ 2,400 ಇದ್ದದ್ದು ಎರಡೂವರೆ ಪಟ್ಟು ಬೆಳೆಯಿತು. ಅದನ್ನು ಕಟ್ಟಿದರೂ ಅಸಲಿನಲ್ಲಿ ಇಳಿಯುವುದು 2,580 ಮಾತ್ರ.

ಈ ಸುಳಿಯಿಂದ ಹೊರಬರುವ ದಾರಿ ಯಾವುದು? ಇಲ್ಲಿ ಒಂದು ವಿಚಿತ್ರವಿದೆ. ಪೂರ್ತಿ ಕಟ್ಟುವ ರೂಢಿಯುಳ್ಳವರು ಕಡೆಯ ದಿನದವರೆಗೆ ಕಾಯುವುದರಲ್ಲಿ ನಷ್ಟವೇನೂ ಇಲ್ಲ, ಆ ದಿನಗಳಿಗೆ ಬಡ್ಡಿಯಿಲ್ಲವಷ್ಟೆ. ಆದರೆ ಒಮ್ಮೆ ಬಾಕಿ ಉಳಿಸಿಕೊಂಡವರಿಗೆ ಕಡೆಯ ದಿನವೆಂಬುದಕ್ಕೆ ಆ ಅರ್ಥ ಉಳಿಯುವುದಿಲ್ಲ. ದಿನದಿನಕ್ಕೂ ಬಡ್ಡಿ ನಡೆಯುತ್ತಿರುತ್ತದೆ. ನಮ್ಮ ಶಿಕ್ಷಕರು ನವೆಂಬರಿನ 54,966 ರೂಪಾಯಿಯನ್ನು ಹೇಗೋ ಹೊಂದಿಸಿ, ಕಡೆಯ ದಿನವಾದ ನವೆಂಬರ್ 30ರಂದು ಪೂರ್ತಿ ಕಟ್ಟಿದರೆಂದುಕೊಳ್ಳಿ. ಲೆಕ್ಕ ಮುಗಿಯಿತೆಂದು ಅವರು ನಿಟ್ಟುಸಿರು ಬಿಟ್ಟಿರುತ್ತಾರೆ. ಆದರೆ ಡಿಸೆಂಬರ್ 10ರ ಬಿಲ್ಲಿನಲ್ಲಿ ಮತ್ತೆ ಬಡ್ಡಿ ಕಾಣಿಸುತ್ತದೆ. ನವೆಂಬರ್ 10ರಿಂದ 30ರವರೆಗಿನ 20 ದಿನಗಳಿಗೆ 51,600ರ ಮೇಲೆ ಸುಮಾರು 1,188 ರೂಪಾಯಿ, ತೆರಿಗೆ ಸೇರಿ 1,401. ಇದನ್ನು ಕಂಡು ಬ್ಯಾಂಕು ತಪ್ಪು ಮಾಡಿತೆಂದು ಜಗಳಕ್ಕೆ ಹೋಗುವವರುಂಟು. ಅದು ತಪ್ಪಲ್ಲ. ಬಿಲ್ಲು ತೆಗೆದ ದಿನದಿಂದ ಹಣ ತಲುಪಿದ ದಿನದವರೆಗಿನ ಬಡ್ಡಿ ಹಿಂದಿನ ಬಿಲ್ಲಿನಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಅದೇ ಹಣವನ್ನು ನವೆಂಬರ್ 14ರಂದೇ ಕಟ್ಟಿದ್ದರೆ ಬಡ್ಡಿ ನಾಲ್ಕು ದಿನಗಳದ್ದು ಮಾತ್ರ, ಸುಮಾರು 238 ರೂಪಾಯಿ. ಆದುದರಿಂದ ಬಾಕಿ ಉಳಿದಿರುವಾಗ ಪಾಲಿಸಬೇಕಾದ ನಿಯಮ ಬೇರೆ. ಕೈಗೆ ಹಣ ಬಂದ ದಿನವೇ, ಬಂದಷ್ಟನ್ನು ಕಟ್ಟಬೇಕು. ಬಿಲ್ಲಿಗಾಗಿ ಕಾಯಬಾರದು, ಕಡೆಯ ದಿನಕ್ಕಾಗಿಯಂತೂ ಕಾಯಲೇಬಾರದು. ಬಾಕಿ ಪೂರ್ತಿ ತೀರುವವರೆಗೆ ಆ ಕಾರ್ಡಿನಿಂದ ಹೊಸ ಖರೀದಿಯನ್ನೂ ಮಾಡಬಾರದು. ಆ ತಿಂಗಳ ದಿನಸಿಯನ್ನು ನಗದು ಕೊಟ್ಟು ತರುವುದೇ ಲೇಸು.

ಇದೇ ಕಾರಣದಿಂದ, ಒಟ್ಟು ಬಾಕಿಯಲ್ಲಿ ಸಾವಿರ ರೂಪಾಯಿ ಮಾತ್ರ ಉಳಿಸಿಕೊಂಡರೂ ಅದನ್ನು ಅಲ್ಪವೆಂದು ಎಣಿಸಬಾರದು. ಆ ಸಾವಿರದ ಬಡ್ಡಿ ಅರವತ್ತೋ ಎಪ್ಪತ್ತೋ ರೂಪಾಯಿ ಆದೀತು. ಆದರೆ ಅದರ ನೆಪದಿಂದ ಆ ತಿಂಗಳ ಹೊಸ ಖರೀದಿಗಳೆಲ್ಲ ಬಡ್ಡಿರಹಿತ ಅವಧಿಯನ್ನು ಕಳೆದುಕೊಳ್ಳುತ್ತವೆ. ಅಕ್ಟೋಬರ್ 11ರಿಂದ 30ರೊಳಗೆ, ಬಾಕಿ ಉಳಿಯುವ ಮೊದಲೇ ಮಾಡಿದ ಖರೀದಿಗಳೂ ಇದರಲ್ಲಿ ಸೇರುತ್ತವೆ. ಎಷ್ಟೋ ಸಲ ಇಂತಹ ಕೊರತೆ ಬೇಕೆಂದು ಆದದ್ದಲ್ಲ. ಪೈಸೆಗಳನ್ನು ಬಿಟ್ಟು, ನೂರರ ಲೆಕ್ಕಕ್ಕೆ ಇಳಿಸಿ ಕಟ್ಟುವುದರಿಂದ ಆದದ್ದು. ಕಟ್ಟುವಾಗ ಒಂದೆರಡು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ, ಅದು ಮುಂದಿನ ಬಿಲ್ಲಿಗೆ ಜಮಾ ಆಗುತ್ತದೆ. ಕಡಿಮೆಯಾಗಬಾರದು.

ಇನ್ನೊಂದು ಕಡೆ ಎಚ್ಚರವಿರಬೇಕು. ಬ್ಯಾಂಕಿನ ಉಳಿತಾಯ ಖಾತೆಯಿಂದ ಕಾರ್ಡಿನ ಹಣ ತಾನಾಗಿಯೇ ಕಡಿತವಾಗುವಂತೆ ಬರೆದುಕೊಟ್ಟವರು ಅನೇಕರಿದ್ದಾರೆ. ಆ ಅರ್ಜಿಯಲ್ಲಿ ಒಟ್ಟು ಬಾಕಿ, ಕನಿಷ್ಠ ಬಾಕಿ ಎಂದು ಎರಡು ಆಯ್ಕೆಗಳಿರುತ್ತವೆ. ಕನಿಷ್ಠ ಬಾಕಿಗೆ ಗುರುತು ಬಿದ್ದಿದ್ದರೆ ತಿಂಗಳು ತಿಂಗಳೂ ಹಣ ಸರಿಯಾಗಿಯೇ ಕಡಿತವಾಗುತ್ತಿರುತ್ತದೆ, ದಂಡದ ಸುದ್ದಿಯೂ ಇರುವುದಿಲ್ಲ, ಒಳಗೆ ಮಾತ್ರ ಬಡ್ಡಿ ಬೆಳೆಯುತ್ತಿರುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ. ಬಿಲ್ಲಿನಲ್ಲಿ "ಫೈನಾನ್ಸ್ ಚಾರ್ಜಸ್" ಅಥವಾ "ಇಂಟರೆಸ್ಟ್" ಎಂಬ ಸಾಲಿನ ಎದುರಿಗೆ ಏನಿದೆಯೆಂದು ನೋಡಿ. ಪೂರ್ತಿ ಕಟ್ಟುತ್ತ ಬಂದವರ ಬಿಲ್ಲಿನಲ್ಲಿ ಅಲ್ಲಿ ಸೊನ್ನೆಯಿರುತ್ತದೆ, ಇಲ್ಲವೇ ಆ ಸಾಲೇ ಇರುವುದಿಲ್ಲ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ನಗದಿಗೆ ಬಡ್ಡಿರಹಿತ ಅವಧಿಯೇ ಇಲ್ಲ, ತೆಗೆದ ದಿನದಿಂದಲೇ ಬಡ್ಡಿ, ಅದರ ಮೇಲೆ ಬೇರೆ ಶುಲ್ಕ.

ಇನ್ನು ಕಡೆಯ ದಿನದ ವಿಚಾರ. ಹಣ ಕಟ್ಟುವುದು ಮೂರು ದಿನಗಳಿಗಿಂತ ಹೆಚ್ಚು ತಡವಾದಾಗ ಮಾತ್ರ ದಂಡ ಹಾಕಬೇಕು, ಸಾಲದ ಇತಿಹಾಸದ ಸಂಸ್ಥೆಗಳಿಗೂ ಆಗಲೇ ವರದಿ ಮಾಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ದಂಡವನ್ನು ಕಡೆಯ ದಿನದ ನಂತರ ಉಳಿದ ಮೊತ್ತದ ಮೇಲೆ ಮಾತ್ರ ಲೆಕ್ಕ ಹಾಕಬೇಕು. ಇದನ್ನು ಕೇಳಿ ಕಡೆಯ ದಿನಕ್ಕೆ ಮೂರು ದಿನ ಸೇರಿಸಿಕೊಳ್ಳುವುದು ಜಾಣತನವಲ್ಲ. ಈ ರಿಯಾಯಿತಿಯನ್ನು ಹೇಳಿರುವುದು ದಂಡಕ್ಕೆ ಮತ್ತು ವರದಿಗೆ. ಮೂರು ದಿನ ಮೀರಿದರೆ ತಡವಾದ ದಿನಗಳನ್ನು ಎಣಿಸುವುದೂ ಮೂಲ ಕಡೆಯ ದಿನದಿಂದಲೇ. ಬೇರೆ ಬ್ಯಾಂಕಿನ ಖಾತೆಯಿಂದ ಕಳುಹಿಸಿದ ಹಣ ಜಮಾ ಆಗಲು ಒಂದೆರಡು ದಿನ ಹಿಡಿಯುವುದೂ ಉಂಟು. ಕಡೆಯ ದಿನಕ್ಕೆ ಮೂರ್ನಾಲ್ಕು ದಿನ ಮೊದಲೇ ಕಟ್ಟಿ ಮುಗಿಸುವುದು ನೆಮ್ಮದಿ.

ಕಡೆಯದಾಗಿ, ನಮ್ಮ ಶಿಕ್ಷಕರ ಮನೆಯ ತೊಂದರೆಯ ಮೂಲಕ್ಕೆ ಮರಳೋಣ. ಅವರಲ್ಲಿ ಹಣವಿರಲಿಲ್ಲವೆಂದಲ್ಲ. ಸಂಬಳ 1ಕ್ಕೆ, ಪಾವತಿಯ ಕಡೆಯ ದಿನ 30ಕ್ಕೆ. ಕೈ ಬರಿದಾಗಿರುವ ಹೊತ್ತಿಗೆ ಸರಿಯಾಗಿ ಬಿಲ್ಲು ಬಾಗಿಲಿಗೆ ಬರುತ್ತಿತ್ತು. ಕಡೆಯ ದಿನವನ್ನು ನೇರವಾಗಿ ಬದಲಿಸಿಕೊಳ್ಳುವ ಬಗೆ ಸಾಮಾನ್ಯವಾಗಿ ಇಲ್ಲ. ಆದರೆ ಬಿಲ್ಲಿನ ದಿನವನ್ನು ಬದಲಿಸಿದರೆ ಕಡೆಯ ದಿನ ತಾನಾಗಿ ಸರಿಯುತ್ತದೆ. ಗ್ರಾಹಕನು ತನ್ನ ಅನುಕೂಲಕ್ಕೆ ತಕ್ಕಂತೆ ಬಿಲ್ಲಿಂಗ್ ಅವಧಿಯ ಆರಂಭದ ಅಥವಾ ಮುಕ್ತಾಯದ ದಿನವನ್ನು ಕನಿಷ್ಠ ಒಂದು ಬಾರಿಯಾದರೂ ಬದಲಿಸಿಕೊಳ್ಳಲು ಅವಕಾಶವಿರಬೇಕೆಂದು 2024ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ತಿದ್ದುಪಡಿ ಮಾಡಿದೆ. ಬ್ಯಾಂಕಿನ ಸಹಾಯವಾಣಿಗೆ ದೂರವಾಣಿ ಮಾಡಿಯೋ, ಮಿಂಚಂಚೆ ಬರೆದೋ, ಮೊಬೈಲಿನ ಆ್ಯಪಿನಲ್ಲಿಯೋ ಇದನ್ನು ಕೇಳಬಹುದು. ಈ ಶಿಕ್ಷಕರು ಬಿಲ್ಲಿನ ದಿನವನ್ನು 10ರಿಂದ 16ಕ್ಕೆ ಬದಲಿಸಿಕೊಂಡರೆ ಕಡೆಯ ದಿನ ಮುಂದಿನ ತಿಂಗಳ 5 ಅಥವಾ 6ಕ್ಕೆ ಬೀಳುತ್ತದೆ. ಸಂಬಳ ಕೈಸೇರಿ ನಾಲ್ಕೈದು ದಿನವಾಗಿರುತ್ತದೆ. ಪಿಂಚಣಿಯಿಂದ ನಡೆಯುವ ಮನೆಗಳೂ, ಬೆಳೆ ಮಾರಿದ ಹಣವೋ ಬಾಡಿಗೆಯೋ ಇಂಥ ತಾರೀಖಿಗೆಂದು ಬರುವ ಮನೆಗಳೂ ಇದೇ ರೀತಿ ಲೆಕ್ಕ ಹಾಕಿಕೊಳ್ಳಬಹುದು.

ಬದಲಾವಣೆಯಾದ ಮೊದಲ ತಿಂಗಳಲ್ಲಿ ಅವಧಿ ಮಾಮೂಲಿಗಿಂತ ಉದ್ದವೋ ಗಿಡ್ಡವೋ ಆಗುತ್ತದೆ, ಹೊಸ ಕಡೆಯ ದಿನವೂ ಬೇರೆಯಾಗಿರುತ್ತದೆ. ಆದುದರಿಂದ ಆ ಒಂದು ತಿಂಗಳು ನೆನಪಿನ ಮೇಲೆ ಭರವಸೆಯಿಡದೆ, ಬಿಲ್ಲು ಬಂದ ದಿನವೇ ಅದರ ಮೇಲಿನ ಮೂರು ಸಂಗತಿಗಳನ್ನು ಮನೆಯ ಪಂಚಾಂಗದ ಹಾಳೆಯಲ್ಲಿ ಬರೆದಿಡಿ: ಒಟ್ಟು ಬಾಕಿ ಎಷ್ಟು, ಕಡೆಯ ದಿನ ಯಾವುದು, ಮುಂದಿನ ಬಿಲ್ಲಿನ ದಿನ ಯಾವುದು. ಕನಿಷ್ಠ ಬಾಕಿಯ ಅಂಕಿಯನ್ನು ಬರೆದಿಡುವ ಅಗತ್ಯವಿಲ್ಲ.